ಸಾವಿರ ಪದದಲ್ಲಿ ಒಂದೇ ಮಾತು: ಜರ್ನಲ್‌ಗೆ ಬರೆದ ಅಭಿಪ್ರಾಯ ಲೇಖನವನ್ನು ತಿದ್ದುವುದು ಹೇಗೆ

ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯೊಬ್ಬರು ಹೋದ ವರ್ಷ ನನಗೆ ಒಂದು ಡ್ರಾಫ್ಟ್ ಕಳಿಸಿದರು. ವಿಷಯ ಮಂಗನ ಕಾಯಿಲೆ, ಅಂದರೆ ಉಣುಗು ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಬರುವ ವೈರಸ್ ಜ್ವರ. ಒಂದು ವೈದ್ಯಕೀಯ ಜರ್ನಲ್‌ನ ಅಭಿಪ್ರಾಯ ವಿಭಾಗಕ್ಕೆ ಇಂಗ್ಲಿಷ್‌ನಲ್ಲಿ ಬರೆದದ್ದು. ಜರ್ನಲ್ ಕೊಟ್ಟ ಮಿತಿ 1000 ಪದ, 8 ಉಲ್ಲೇಖ. ಇವರ ಲೇಖನದಲ್ಲಿ 1780 ಪದ, 23 ಉಲ್ಲೇಖ. "ಸರ್, ಒಂದು ವಾರದಿಂದ ವಾಕ್ಯ ವಾಕ್ಯ ಕತ್ತರಿಸ್ತಾ ಇದ್ದೀನಿ. ನೂರು ಪದ ಕೂಡ ಇಳಿದಿಲ್ಲ" ಅಂದರು.

ಅವರ ತಪ್ಪು ಅಲ್ಲೇ ಇತ್ತು. ಬಹಳ ಜನ ಮಾಡುವ ತಪ್ಪೇ ಅದು. ವಾಕ್ಯದಿಂದ ಕತ್ತರಿ ಶುರುಮಾಡುತ್ತಾರೆ. ವಾಕ್ಯ ಕತ್ತರಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಲೇಖನ ಹೇಳುತ್ತಿರುವುದು ಒಂದು ಮಾತೋ ನಾಲ್ಕು ಮಾತೋ ನೋಡಬೇಕು. ಆ ಲೇಖನವನ್ನು ನಾವಿಬ್ಬರೂ ಕೂತು ತಿದ್ದಿದ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಅದರ ವಾಕ್ಯಗಳನ್ನು ಕನ್ನಡದಲ್ಲಿ ಕೊಡುತ್ತೇನೆ.

ಮೊದಲು ಮಿತಿಯನ್ನು ಸರಿಯಾಗಿ ಓದಿ

ಜರ್ನಲ್‌ಗಳು ಲೇಖಕರಿಗೆ ಕೊಡುವ ಸೂಚನೆಯಲ್ಲಿ ಬರೀ ಪದಸಂಖ್ಯೆ ಇರುವುದಿಲ್ಲ. ಉದಾಹರಣೆಗೆ ಅಮೆರಿಕದ ಜಾಮಾ ಪತ್ರಿಕೆ ತನ್ನ ವ್ಯೂಪಾಯಿಂಟ್ ವಿಭಾಗಕ್ಕೆ 1200 ಪದ, 7 ಉಲ್ಲೇಖ ಎಂದು ಮಿತಿ ಹಾಕಿದೆ. ಚಿಕ್ಕ ಟೇಬಲ್ ಅಥವಾ ಚಿತ್ರ ಸೇರಿಸಿದರೆ ಪದ 1000ಕ್ಕೆ ಇಳಿಯುತ್ತದೆ. ಅಂದರೆ ಆ ಟೇಬಲ್‌ಗೆ 200 ಪದದ ಬೆಲೆ. ಅಷ್ಟು ಬೆಲೆ ಬಾಳದಿದ್ದರೆ ಅದು ಬೇಡ. ಇಂಥ ನಿಯಮ ಆಗಾಗ ಬದಲಾಗುತ್ತದೆ. ಆದ್ದರಿಂದ ಕಳಿಸುವ ವಾರ ಮತ್ತೊಮ್ಮೆ ಓದಿ.

ಎಣಿಕೆಯಲ್ಲೂ ಒಂದು ಗೊಂದಲ ಇದೆ. ವರ್ಡ್ ಫೈಲಿನ ಕೆಳಗಡೆ ಕಾಣುವ ಸಂಖ್ಯೆಯಲ್ಲಿ ಶೀರ್ಷಿಕೆ, ಲೇಖಕರ ವಿಳಾಸ, ಉಲ್ಲೇಖಪಟ್ಟಿ ಎಲ್ಲವೂ ಸೇರಿರುತ್ತವೆ. ಹೆಚ್ಚಿನ ಜರ್ನಲ್‌ಗಳ ಮಿತಿ ಲೇಖನದ ಮೈಗೆ ಮಾತ್ರ. ಮೊದಲ ಪ್ಯಾರಾದಿಂದ ಕೊನೆಯ ಪ್ಯಾರಾದವರೆಗೆ ಸೆಲೆಕ್ಟ್ ಮಾಡಿ `Ctrl+Shift+G` ಒತ್ತಿದರೆ `Word Count` ಪೆಟ್ಟಿಗೆ ಆ ಭಾಗದ್ದಷ್ಟನ್ನೇ ತೋರಿಸುತ್ತದೆ. ಉಲ್ಲೇಖವನ್ನು ಪದದ ತಲೆ ಮೇಲೆ ಚಿಕ್ಕ ಅಂಕಿಯಾಗಿ ಕೊಡುವ ಪದ್ಧತಿಯಾದರೆ ಎಣಿಕೆ ಏರುವುದಿಲ್ಲ. ಆವರಣದಲ್ಲಿ ಹೆಸರು, ಇಸವಿ ಬರೆಯುವ ಪದ್ಧತಿಯಾದರೆ ಒಂದೊಂದು ಉಲ್ಲೇಖವೂ ಎರಡು ಮೂರು ಪದ ತಿನ್ನುತ್ತದೆ. ನಮ್ಮ ಲೇಖನದ 1780 ಅನ್ನುವುದು ಹೀಗೆ ಮೈಯನ್ನು ಮಾತ್ರ ಎಣಿಸಿದ ಲೆಕ್ಕ. ಅಲ್ಲೇನೂ ಉಳಿತಾಯ ಸಿಗಲಿಲ್ಲ.

ನಿಮ್ಮ ಮಾತನ್ನು ಒಂದು ವಾಕ್ಯಕ್ಕೆ ತನ್ನಿ

ಫೈಲ್ ಮುಚ್ಚಿ. ಒಂದು ಚೀಟಿ ತೆಗೆದುಕೊಂಡು ನಿಮ್ಮ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರು, ಏನು, ಯಾವಾಗ ಮಾಡಬೇಕು ಅನ್ನುವುದು ಅದರಲ್ಲಿ ಇರಬೇಕು. ಇನ್ನೊಂದು ಪರೀಕ್ಷೆಯೂ ಇದೆ: ತಿಳಿವಳಿಕೆ ಇರುವ ಒಬ್ಬರಾದರೂ ಅದಕ್ಕೆ "ನಾನು ಒಪ್ಪಲ್ಲ" ಅನ್ನುವಂತಿರಬೇಕು.

ವೈದ್ಯೆ ಮೊದಲು ಬರೆದದ್ದು ಹೀಗಿತ್ತು: "ಮಂಗನ ಕಾಯಿಲೆ ತಡೆಯಲು ಎಲ್ಲ ಇಲಾಖೆಗಳೂ ಒಟ್ಟಾಗಿ ಕೆಲಸ ಮಾಡಬೇಕು." ಇದನ್ನು ಯಾರು ತಾನೇ ಬೇಡ ಅಂತಾರೆ? ಯಾರೂ ಬೇಡ ಅನ್ನದ ಮಾತಿಗೆ ಜರ್ನಲ್‌ನ ಎರಡು ಪುಟ ಯಾಕೆ ಬೇಕು ಎಂದು ಸಂಪಾದಕರು ಕೇಳುತ್ತಾರೆ.

ಡ್ರಾಫ್ಟ್ ತಿರುವಿ ಹಾಕಿದರೆ ಒಳಗೆ ನಾಲ್ಕು ಅಭಿಪ್ರಾಯ ಇದ್ದವು. ಹೊಸ ಲಸಿಕೆ ಬೇಕು. ಕಾಡಿನ ನಾಶ ನಿಲ್ಲಬೇಕು. ಜನರಲ್ಲಿ ತಿಳಿವಳಿಕೆ ಮೂಡಬೇಕು. ಮಂಗ ಸತ್ತ ಸುದ್ದಿ ಬೇಗ ಬರಬೇಕು. ನಾಲ್ಕೂ ಸರಿಯಾದವೇ. ಆದರೆ ಸಾವಿರ ಪದದಲ್ಲಿ ನಾಲ್ಕಕ್ಕೆ ಹಂಚಿದರೆ ಒಂದೊಂದಕ್ಕೆ 250 ಸಿಗುತ್ತದೆ. ಅಷ್ಟರಲ್ಲಿ ಹೇಳಬಹುದು, ಆಧಾರ ಕೊಡಲಾಗುವುದಿಲ್ಲ.

ಯಾವುದನ್ನು ಉಳಿಸಬೇಕು ಎಂದು ಗೊತ್ತಾಗದಿದ್ದರೆ ಒಂದು ಉಪಾಯ ಇದೆ. ಲೇಖನದಲ್ಲಿ ನೀವಲ್ಲದೆ ಬೇರೆಯವರು ಬರೆಯಲಾಗದ ಪ್ಯಾರಾ ಯಾವುದು, ಹುಡುಕಿ. ಇವರ ಮೂರನೇ ಪುಟದಲ್ಲಿ ಅಂಥದ್ದೊಂದು ಅಡಗಿಕೊಂಡಿತ್ತು. ಅಡಿಕೆ ತೋಟದ ಅಂಚಿನಲ್ಲಿ ಸೋಮವಾರ ಒಂದು ಮಂಗ ಸತ್ತುಬಿದ್ದಿತ್ತು. ಅರಣ್ಯ ಸಿಬ್ಬಂದಿ ನೋಡಿ ಮೇಲಿನವರಿಗೆ ಬರೆದರು, ಮಾದರಿ ಪರೀಕ್ಷೆಗೆ ಹೋಯಿತು. ಆರೋಗ್ಯ ಕೇಂದ್ರಕ್ಕೆ ವಿಷಯ ಗೊತ್ತಾದದ್ದು ಶನಿವಾರ. ಅಷ್ಟರಲ್ಲಿ ಊರಿನ ಹೆಂಗಸರು ದಿನಾ ಅದೇ ದಾರಿಯಲ್ಲಿ ಒಣ ಎಲೆಯ ದರಗು ತರಲು ಹೋಗಿ ಬಂದಿದ್ದರು. ಯಾರ ಸೋಮಾರಿತನವೂ ಅಲ್ಲ. ಕಾಗದ ಹೋಗುವ ದಾರಿಯೇ ಹಾಗಿತ್ತು.

ಇದನ್ನು ಇಟ್ಟುಕೊಂಡು ಚೀಟಿಯ ವಾಕ್ಯ ಹೀಗಾಯಿತು: "ಸತ್ತ ಮಂಗ ಕಂಡ ದಿನವೇ ಅರಣ್ಯ ಸಿಬ್ಬಂದಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಬೇಕು, ಪರೀಕ್ಷೆಯ ವರದಿಗೆ ಕಾಯಬಾರದು." ಜಗಳಕ್ಕೆ ಎಡೆ ಇರುವುದು ಕೊನೆಯ ಮೂರು ಪದಗಳಲ್ಲಿ. ವರದಿ ಇಲ್ಲದೆ ಓಡಾಡಿದರೆ ಸುಮ್ನೆ ಗಾಬರಿ ಹುಟ್ಟಿಸಿದ ಹಾಗಲ್ವಾ ಎಂದು ಕೇಳುವವರು ಇದ್ದೇ ಇದ್ದಾರೆ. ಹಾಗಾದರೆ ಲೇಖನಕ್ಕೆ ಕೆಲಸ ಇದೆ ಎಂದಾಯಿತು.

ಪ್ಯಾರಾಗಳ ಲೆಕ್ಕ ಬರೆಯಿರಿ

ಈಗ ಲೇಖನವನ್ನು ಪ್ರಿಂಟ್ ತೆಗೆಯಿರಿ. ಪ್ರತಿ ಪ್ಯಾರಾದ ಪಕ್ಕ ಎರಡು ವಿಷಯ ಬರೆಯಿರಿ: ಅದರಲ್ಲಿ ಎಷ್ಟು ಪದ, ಚೀಟಿಯ ವಾಕ್ಯಕ್ಕೆ ಅದು ಏನು ಮಾಡುತ್ತದೆ. ಕಾರಣ ಕೊಡುತ್ತದೆಯೇ, ಪುರಾವೆ ಕೊಡುತ್ತದೆಯೇ, ಎದುರು ವಾದಕ್ಕೆ ಉತ್ತರವೇ? ಏನೂ ಹೊಳೆಯದಿದ್ದರೆ ಪಕ್ಕದಲ್ಲಿ ಒಂದು ಸೊನ್ನೆ ಹಾಕಿ.

ನಮ್ಮ ಲೆಕ್ಕ ಹೀಗೆ ಬಂತು. ಕಾಯಿಲೆಯ ಇತಿಹಾಸಕ್ಕೆ 240 ಪದ, ಕಾಡಿನ ಬದಲಾವಣೆಗೆ 310, ಲಸಿಕೆಗೆ 280, ಜನಜಾಗೃತಿಗೆ 190. ಒಟ್ಟು 1020 ಪದಕ್ಕೆ ಸೊನ್ನೆ. ಉಳಿದದ್ದು 760. ಇಷ್ಟು ದಿನ 780 ಪದ ಎಲ್ಲಿ ಕತ್ತರಿಸಲಿ ಎಂದು ಒದ್ದಾಡುತ್ತಿದ್ದವರಿಗೆ ಈಗ 240 ಪದ ಜಾಗ ಮಿಕ್ಕಿತು!

ಇತಿಹಾಸದ ಭಾಗ ತೆಗೆಯಲು ಅವರಿಗೆ ಮನಸ್ಸಿರಲಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಕಾಯಿಲೆ ಮೊದಲು ಗುರುತಾದದ್ದು, ಮಂಗಗಳು ರಾಶಿ ರಾಶಿ ಸತ್ತದ್ದು, ಉಣುಗಿನಲ್ಲಿ ವೈರಸ್ ಸಿಕ್ಕಿದ್ದು. ಕಥೆ ಚೆನ್ನಾಗಿದೆ, ಆದರೆ ಅದು ಬೇರೆ ಲೇಖನದ ಕಥೆ. ಆ 240 ಪದದಲ್ಲಿ ನಮ್ಮ ವಾದಕ್ಕೆ ಬೇಕಾದದ್ದು ಒಂದೇ ಸಂಗತಿ, ಅದನ್ನು ಒಂದು ವಾಕ್ಯದಲ್ಲಿ ಇಟ್ಟುಕೊಂಡೆವು: "1957ರಲ್ಲಿ ಈ ಕಾಯಿಲೆಯ ಸುಳಿವು ಕೊಟ್ಟದ್ದೂ ಮಂಗಗಳ ಸಾವೇ." ಇಲ್ಲಿ ಇತಿಹಾಸ ಅಲಂಕಾರವಾಗಿ ಬಂದಿಲ್ಲ, ಕಾರಣವಾಗಿ ಬಂದಿದೆ. ಸೊನ್ನೆ ಬಿದ್ದ ಪ್ಯಾರಾ ಎಸೆಯುವ ಮೊದಲು ಇಂಥ ಒಂದು ವಾಕ್ಯ ಅದರಲ್ಲಿ ಸಿಗುತ್ತದೆಯೇ ನೋಡಿ. ಹೆಚ್ಚಾಗಿ ಒಂದು ಸಿಗುತ್ತದೆ. ಎರಡು ಸಿಕ್ಕಿತು ಅನ್ನಿಸಿದರೆ ನಿಮ್ಮ ಮನಸ್ಸು ಮೋಸ ಮಾಡುತ್ತಿದೆ.

ತೆಗೆದ ಪ್ಯಾರಾಗಳನ್ನು ಡಿಲೀಟ್ ಮಾಡಬೇಡಿ. ಇನ್ನೊಂದು ಫೈಲಿನಲ್ಲಿ ಹಾಕಿಡಿ. ಅವು ಎಲ್ಲೋ ಇವೆ ಎಂದು ಗೊತ್ತಿದ್ದರೆ ಕೈ ಧೈರ್ಯವಾಗಿ ಕತ್ತರಿಸುತ್ತದೆ.

ಪುರಾವೆ ನಿಮ್ಮ ಮಾತನ್ನು ಹೊರುತ್ತದೆಯೇ

ಚಿಕ್ಕ ಲೇಖನದಲ್ಲಿ ಜನ ಎಡವುವುದು ಇಲ್ಲೇ ಜಾಸ್ತಿ. ಜಾಗ ಕಡಿಮೆ, ಹಾಗಾಗಿ ಮಾತು ಬಿರುಸಾಗುತ್ತದೆ. ಬಿರುಸಾದಾಗ ಪುರಾವೆಯನ್ನು ದಾಟಿ ಹೋಗುತ್ತದೆ.

ಡ್ರಾಫ್ಟ್‌ನಲ್ಲಿ ಒಂದು ವಾಕ್ಯ ಇತ್ತು: "ಹಳೆಯ ಲಸಿಕೆ ಕೆಲಸವನ್ನೇ ಮಾಡಲಿಲ್ಲ." ಪಕ್ಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಉಲ್ಲೇಖ. ಆ ಅಧ್ಯಯನ ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಪ್ರಕರಣಗಳನ್ನು ನೋಡಿತ್ತು. ಅದನ್ನು ತೆಗೆದು ಓದಿದೆವು. ಎರಡು ಡೋಸ್ ಪಡೆದವರಲ್ಲಿ ಲಸಿಕೆಯ ಪರಿಣಾಮ 62.4 ಶೇಕಡಾ, ಬೂಸ್ಟರ್ ಕೂಡ ಪಡೆದವರಲ್ಲಿ 82.9 ಶೇಕಡಾ ಎಂದು ಅದರಲ್ಲಿದೆ. ಲಸಿಕೆ ಹಾಕಿಸಿಕೊಂಡವರೇ ಕಡಿಮೆ ಅನ್ನುವುದು ಅದು ಎತ್ತಿದ ಇನ್ನೊಂದು ಸಮಸ್ಯೆ. ಅಂದರೆ ಲೇಖನ ಹೇಳಿದ್ದೊಂದು, ಆಧಾರವಾಗಿ ಕೊಟ್ಟ ಅಧ್ಯಯನ ಹೇಳಿದ್ದೇ ಇನ್ನೊಂದು. ಈ ಕ್ಷೇತ್ರ ಬಲ್ಲ ವಿಮರ್ಶಕರ ಕೈಗೆ ಸಿಕ್ಕಿದ್ದರೆ ಉಳಿದ ಲೇಖನವನ್ನೂ ಅವರು ಅನುಮಾನದಿಂದಲೇ ಓದುತ್ತಿದ್ದರು.

ತಿದ್ದಲು ಎರಡು ದಾರಿ ಇತ್ತು. ವಾಕ್ಯವನ್ನು ಅಧ್ಯಯನಕ್ಕೆ ತಕ್ಕಂತೆ ಇಳಿಸುವುದು, ಅಥವಾ ಎರಡನ್ನೂ ಬಿಡುವುದು. ನಾವು ಮೊದಲು ಇಳಿಸಿ ಬರೆದೆವು. ಆಮೇಲೆ ಚೀಟಿ ನೋಡಿದೆವು. ಲಸಿಕೆ ಎಷ್ಟು ಪರಿಣಾಮಕಾರಿ ಅನ್ನುವುದು ನಮ್ಮ ಮಾತೇ ಅಲ್ಲ. 2022ರಲ್ಲಿ ಅದರ ಬಳಕೆ ನಿಂತಿತು ಅನ್ನುವುದಷ್ಟೇ ಸಾಕು. ಲಸಿಕೆ ಇಲ್ಲದಾಗ ಮುನ್ಸೂಚನೆಗೆ ಬೆಲೆ ಹೆಚ್ಚು ಎಂದು ಅದು ತೋರಿಸುತ್ತದೆ. ಅಧ್ಯಯನವೂ ಶೇಕಡಾವಾರೂ ಹೋದವು. ಒಂದು ಉಲ್ಲೇಖದ ಜಾಗ ಉಳಿಯಿತು.

ಇನ್ನು ಸೋಮವಾರ-ಶನಿವಾರದ ಘಟನೆ. ಅದನ್ನು ಮೂರನೇ ಪುಟದಿಂದ ಎತ್ತಿ ಮೊದಲ ಪ್ಯಾರಾಕ್ಕೆ ತಂದೆವು. ಆದರೆ ಒಂದು ಎಚ್ಚರಿಕೆ. ಒಂದು ಘಟನೆ ಹೀಗೂ ಆಗುತ್ತದೆ ಎಂದು ತೋರಿಸಬಲ್ಲದು, ಎಲ್ಲ ಕಡೆ ಹೀಗೇ ಆಗುತ್ತಿದೆ ಎಂದು ತೋರಿಸಲಾರದು. ಡ್ರಾಫ್ಟ್‌ನಲ್ಲಿ "ಮಾಹಿತಿ ಯಾವಾಗಲೂ ತಡವಾಗಿ ಬರುತ್ತದೆ" ಎಂದಿತ್ತು. "ಕಳೆದ ಹಂಗಾಮಿನಲ್ಲಿ ನಮ್ಮ ಕೇಂದ್ರಕ್ಕೆ ಒಂದು ಮಾಹಿತಿ ಐದು ದಿನ ತಡವಾಗಿ ಬಂತು" ಎಂದು ತಿದ್ದಿದೆವು. ಓದಿದರೆ ಎರಡನೆಯದೇ ಹೆಚ್ಚು ತಟ್ಟುತ್ತದೆ. ಊರು, ರೋಗಿಯ ಗುರುತು ಯಾವುದೂ ಇಲ್ಲ. ಸರ್ಕಾರಿ ಕೆಲಸದಲ್ಲಿರುವವರು ಇಂಥದ್ದನ್ನು ಬರೆಯುವ ಮೊದಲು ಇಲಾಖೆಯ ಅನುಮತಿ ಬೇಕೇ ಎಂದು ಕೇಳಿಕೊಳ್ಳುವುದೂ ಒಳ್ಳೆಯದು.

ಮುಖ್ಯ ಕಾರಣಕ್ಕೆ ಮಾತ್ರ ಜಾಗ ಧಾರಾಳವಾಗಿ ಕೊಟ್ಟೆವು. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲ ದರಗಿನಲ್ಲಿ ಸೇರುತ್ತವೆ. ಅದಕ್ಕೇ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಕೀಟನಾಶಕ ಪುಡಿ ಹಾಕುವ ಪದ್ಧತಿ ಇದೆ. ಐದು ದಿನ ತಡವಾದರೆ ಏನು ನಷ್ಟ ಅನ್ನುವುದಕ್ಕೆ ಉತ್ತರ ಈ ಎರಡು ವಾಕ್ಯದಲ್ಲಿದೆ. ಮೊದಲ ಡ್ರಾಫ್ಟ್‌ನಲ್ಲಿ ಇದು ಇರಲೇ ಇಲ್ಲ! ಅವರಿಗೆ ಅದು ದಿನಾ ಗೊತ್ತಿರುವ ವಿಷಯ, ಹಾಗಾಗಿ ಬರೆಯಬೇಕು ಎಂದೇ ಹೊಳೆದಿರಲಿಲ್ಲ.

ಎದುರು ವಾದಕ್ಕೆ ಒಂದು ಪ್ಯಾರಾ ಇಡಿ

ಪದ ಕಡಿಮೆ ಇದ್ದಾಗ ಎಲ್ಲರೂ ಮೊದಲು ಬಿಡುವುದು ಇದನ್ನೇ. ಬಿಡಬೇಡಿ. ಸಾವಿರದಲ್ಲಿ 150 ಪದ ಇದಕ್ಕೆ ಇರಲಿ. ಬಡಪಾಯಿ ವಾದ ಒಂದನ್ನು ನಿಲ್ಲಿಸಿ ಹೊಡೆದುಹಾಕುವುದೂ ಬೇಡ. ನಿಮ್ಮ ಮಾತು ಒಪ್ಪದ, ವಿಷಯ ಬಲ್ಲ ಒಬ್ಬರು ಏನು ಹೇಳುತ್ತಾರೋ ಅದನ್ನು ಅವರೇ ಮೆಚ್ಚುವ ಹಾಗೆ ಬರೆಯಿರಿ.

ವೈದ್ಯೆ ಪಶುವೈದ್ಯರಾದ ಪರಿಚಯದವರೊಬ್ಬರನ್ನು ಕೇಳಿದರು. ಅವರು ಹೇಳಿದ್ದು: "ಮಂಗ ಕರೆಂಟ್ ತಂತಿ ತಗಲಿ ಸಾಯುತ್ತೆ, ಗಾಡಿಗೆ ಸಿಕ್ಕಿ ಸಾಯುತ್ತೆ, ನಾಯಿ ಕಚ್ಚಿ ಸಾಯುತ್ತೆ. ಎಲ್ಲದಕ್ಕೂ ಪುಡಿ ಹಾಕ್ತಾ ಹೋದ್ರೆ ಕಾಡಿನಲ್ಲಿರೋ ಬೇರೆ ಹುಳುಹುಪ್ಪಟೆ ಗತಿ ಏನು ಮೇಡಂ?"

ಒಳ್ಳೆಯ ಪ್ರಶ್ನೆ. ಉತ್ತರ ಬರೆಯಲು ಕೂತಾಗ ಅಭಿಪ್ರಾಯವೇ ಸ್ವಲ್ಪ ಬದಲಾಯಿತು. ಫೋನ್ ಮಾಡುವುದು ಬೇರೆ, ಪುಡಿ ಹಾಕುವುದು ಬೇರೆ. ಫೋನ್‌ಗೆ ಖರ್ಚಿಲ್ಲ, ಅದು ಪ್ರತಿ ಸಾವಿಗೂ ಆಗಲಿ. ಫೋನ್ ಬಂದ ದಿನವೇ ಆಶಾ ಕಾರ್ಯಕರ್ತೆ ಆ ಕಡೆ ಹೋಗಬೇಡಿ, ಸತ್ತ ಮಂಗವನ್ನು ಮುಟ್ಟಬೇಡಿ ಎಂದು ಮನೆಗಳಿಗೆ ಹೇಳಲಿ. ಪುಡಿ ಹಾಕುವುದಕ್ಕೆ ಮಾತ್ರ ಬೇರೆ ಅಳತೆ: ಕಾಯಿಲೆಯ ಹಂಗಾಮಾದ ಡಿಸೆಂಬರ್‌ನಿಂದ ಮೇವರೆಗೆ, ಸಾವಿಗೆ ಬೇರೆ ಕಾರಣ ಕಣ್ಣಿಗೆ ಕಾಣದಿದ್ದರೆ. ಮೊದಲಿಗಿಂತ ಮಾತು ಕಿರಿದಾಯಿತು, ಆದರೆ ಗಟ್ಟಿಯಾಯಿತು. ಚೀಟಿಯ ವಾಕ್ಯ ಹಾಗೇ ನಿಂತಿತು, ಅದರ ಹಿಂದಿದ್ದ ಅರ್ಥ ಸ್ಪಷ್ಟವಾಯಿತು.

ಒಂದು ವೇಳೆ ಎದುರು ವಾದಕ್ಕೆ ಉತ್ತರವೇ ಸಿಗದಿದ್ದರೆ? ಚೀಟಿಯ ವಾಕ್ಯವನ್ನು ಬದಲಿಸಿ. ಕಳಿಸಿದ ಮೇಲೆ ವಿಮರ್ಶಕರಿಂದ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ಈಗ ವಾಕ್ಯ ಕತ್ತರಿಸಿ

ಈ ಹೊತ್ತಿಗೆ ಲೇಖನ 1090 ಪದಕ್ಕೆ ಬಂದಿತ್ತು. ಇನ್ನು ಸಣ್ಣ ಕತ್ತರಿಯ ಕೆಲಸ. ಮೊದಲ ಡ್ರಾಫ್ಟ್‌ನ ಒಂದು ವಾಕ್ಯ ನೋಡಿ:

"ಮಂಗನ ಕಾಯಿಲೆಯ ನಿಯಂತ್ರಣದ ವಿಷಯದಲ್ಲಿ ಹೇಳುವುದಾದರೆ, ಮಂಗಗಳ ಸಾವಿನ ಮಾಹಿತಿಯನ್ನು ಸಕಾಲದಲ್ಲಿ ಸಂಬಂಧಪಟ್ಟ ಅಧಿಕಾರಿಗಳಿಗೆ ತಲುಪಿಸುವ ವ್ಯವಸ್ಥೆಯನ್ನು ಬಲಪಡಿಸುವ ಅಗತ್ಯವಿದೆ ಎಂಬುದು ನಮ್ಮ ಅಭಿಪ್ರಾಯವಾಗಿದೆ."

ಹದಿನೆಂಟು ಪದ. ಚೀಟಿಯ ವಾಕ್ಯದಲ್ಲಿ ಇರುವುದು ಹದಿಮೂರು. ಐದು ಪದ ಉಳಿದದ್ದು ದೊಡ್ಡದಲ್ಲ. ಹದಿನೆಂಟರಲ್ಲಿ ಇಲ್ಲದ ಮೂರು ಸಂಗತಿ ಹದಿಮೂರರಲ್ಲಿವೆ: ಯಾರು ಹೇಳಬೇಕು, ಯಾರಿಗೆ, ಯಾವತ್ತಿನೊಳಗೆ. "ಸಂಬಂಧಪಟ್ಟ", "ಸಕಾಲದಲ್ಲಿ", "ವ್ಯವಸ್ಥೆ", "ಬಲಪಡಿಸುವ" ಇಂಥ ಪದ ಕಂಡಲ್ಲಿ ನಿಲ್ಲಿ. ಹೇಳಲು ತಡವರಿಸುತ್ತಿರುವ ಒಂದು ಸಂಗತಿ ಅದರ ಹಿಂದೆ ಇರುತ್ತದೆ. ಇನ್ನು "ನಮ್ಮ ಅಭಿಪ್ರಾಯವಾಗಿದೆ" ಎಂದು ಅಭಿಪ್ರಾಯ ಲೇಖನದಲ್ಲಿ ಹೇಳಬೇಕಾಗಿಯೇ ಇಲ್ಲ.

ಕತ್ತರಿಸಬಾರದ ಪದಗಳೂ ಇವೆ. "ಆ ಅಧ್ಯಯನದಲ್ಲಿ", "ನಮ್ಮ ಕೇಂದ್ರದಲ್ಲಿ", "ಈ ಹಂಗಾಮಿನಲ್ಲಿ" ಅನ್ನುವಂಥವು. ಪದ ಉಳಿಸುವ ಆತುರದಲ್ಲಿ ಇವು ಹಾರಿಹೋದರೆ ಒಂದು ಕಡೆಯ ಸತ್ಯ ಎಲ್ಲ ಕಡೆಯ ಸತ್ಯ ಆಗಿಬಿಡುತ್ತದೆ. ಹಾಗೇ ಎಲ್ಲವನ್ನೂ ಸಂಕ್ಷಿಪ್ತಾಕ್ಷರ ಮಾಡಿ ಪದ ಉಳಿಸುವುದೂ ಬೇಡ. ನಾಲ್ಕೈದು ಸಲ ಬರದ ಹೆಸರಿಗೆ ಸಂಕ್ಷಿಪ್ತ ರೂಪ ಕೊಟ್ಟರೆ ಓದುವವರು ಅದನ್ನು ಹುಡುಕಿಕೊಂಡು ಹಿಂದೆ ಹೋಗಬೇಕಾಗುತ್ತದೆ.

ಅಂದ ಹಾಗೆ, ಕನ್ನಡದಲ್ಲೇ ಲೇಖನ ಬರೆಯುವವರಿಗೆ ಈ ವಿಷಯದಲ್ಲಿ ಸ್ವಲ್ಪ ಲಾಭ ಇದೆ. ಇಂಗ್ಲಿಷ್‌ನಲ್ಲಿ ಮೂರು ಪದ ಬೇಕಾಗುವ "ಕಾಡಿನಿಂದ" ನಮ್ಮಲ್ಲಿ ಒಂದೇ ಪದ. ಆದರೆ "ಮಾಡಲಾಗುತ್ತಿರುವುದರಿಂದ" ಎಂದು ಉದ್ದ ಪದ ಹೆಣೆದು ಎಣಿಕೆ ಇಳಿಸಿದರೆ ಓದುಗರ ಉಸಿರು ಕಟ್ಟುತ್ತದೆ.

ನಮ್ಮ ಲೇಖನವನ್ನು 960ಕ್ಕೆ ನಿಲ್ಲಿಸಿದೆವು. 1000 ಇದ್ದರೆ 1000 ತುಂಬಲೇಬೇಕು ಎಂದಿಲ್ಲ. ಆ ನಲವತ್ತು ಪದ ಆಮೇಲೆ ಬೇಕಾಗುತ್ತದೆ.

ಕಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಆ ವಿಷಯದ ಪರಿಣತರಲ್ಲದ, ಆದರೆ ಓದುವ ಅಭ್ಯಾಸ ಇರುವ ಒಬ್ಬರಿಗೆ ಮೊದಲ ಎರಡು ಪ್ಯಾರಾ ಮಾತ್ರ ಕೊಡಿ. ಓದಿಸಿ, ಕಾಗದ ವಾಪಸ್ ತೆಗೆದುಕೊಂಡು "ಇವರು ಏನು ಮಾಡಬೇಕು ಅಂತಿದ್ದಾರೆ?" ಎಂದು ಕೇಳಿ. ಉತ್ತರ ಚೀಟಿಯ ವಾಕ್ಯಕ್ಕೆ ಹತ್ತಿರ ಬಂದರೆ ಸರಿ. ವೈದ್ಯೆಯ ಅಣ್ಣ, ಬ್ಯಾಂಕ್ ಉದ್ಯೋಗಿ, ಮೊದಲ ಸಲ ಹೇಳಿದ್ದು "ಮಂಗಗಳನ್ನ ಉಳಿಸಬೇಕು ಅಂತಿದ್ದಾರೆ" ಎಂದು! ನಮ್ಮ ಅಭಿಪ್ರಾಯ ಮೂರನೇ ಪ್ಯಾರಾದಲ್ಲಿತ್ತು. ಎರಡನೇ ಪ್ಯಾರಾದ ಕೊನೆಗೆ ತಂದೆವು. ಶೀರ್ಷಿಕೆಯನ್ನೂ "ಮಂಗನ ಕಾಯಿಲೆ: ಸವಾಲುಗಳು ಮತ್ತು ಪರಿಹಾರಗಳು" ಎಂಬುದರಿಂದ "ಮಂಗ ಸತ್ತ ದಿನವೇ ಫೋನ್ ಬರಲಿ" ಎಂದು ಬದಲಿಸಿದೆವು.

ವಿಮರ್ಶಕರ ಟಿಪ್ಪಣಿ ಬಂದ ಮೇಲೆ

ಎರಡು ತಿಂಗಳ ನಂತರ ಟಿಪ್ಪಣಿಗಳು ಬಂದವು. ಒಬ್ಬ ವಿಮರ್ಶಕರು ಲಸಿಕೆಯ ಬಗ್ಗೆ ಜಾಸ್ತಿ ಬರೆಯಿರಿ ಎಂದಿದ್ದರು. ಇನ್ನೊಬ್ಬರು ಕಾಡಿನ ಬದಲಾವಣೆ ಸೇರಿಸಿ ಎಂದಿದ್ದರು. ಪದಮಿತಿ ಮಾತ್ರ ಅದೇ ಸಾವಿರ. ಕೇಳಿದ್ದನ್ನೆಲ್ಲ ಸೇರಿಸಿದರೆ ಕತ್ತರಿಸಿ ಎಸೆದದ್ದೆಲ್ಲ ಹಿಂಬಾಗಿಲಿಂದ ಒಳಗೆ ಬರುತ್ತದೆ.

ಇಲ್ಲಿ ನೆನಪಿಡಬೇಕಾದದ್ದು, ಉತ್ತರದ ಪತ್ರಕ್ಕೆ ಸಾಮಾನ್ಯವಾಗಿ ಪದಮಿತಿ ಇರುವುದಿಲ್ಲ. ವಿಮರ್ಶಕರಿಗೆ ವಿವರವಾಗಿ ಉತ್ತರ ಕೊಡಬೇಕಾದ ಜಾಗ ಅದು. ಒಂದೊಂದು ಟಿಪ್ಪಣಿಯನ್ನೂ ಹಾಗೇ ನಕಲು ಮಾಡಿ, ಕೆಳಗೆ ಉತ್ತರ ಬರೆದು, ಲೇಖನದಲ್ಲಿ ಏನು ಬದಲಿಸಿದಿರಿ, ಯಾವ ಸಾಲಿನಲ್ಲಿ ಎಂದು ತೋರಿಸಿ. ಬದಲಿಸದಿದ್ದರೆ ಯಾಕೆ ಅನ್ನುವುದನ್ನೂ ನಯವಾಗಿ ಹೇಳಿ.

ವೈದ್ಯೆ ಬೇರೆ ಫೈಲಿನಲ್ಲಿ ಇಟ್ಟಿದ್ದ ಲಸಿಕೆಯ ಪ್ಯಾರಾ ತೆಗೆದರು. ತಿದ್ದಿದ ಶೇಕಡಾವಾರು ಸಮೇತ ಅದನ್ನು ಪತ್ರದಲ್ಲಿ ಹಾಕಿದರು. ಲೇಖನದಲ್ಲಿ ಸೇರಿದ್ದು ಒಂದೇ ವಾಕ್ಯ: "ಹೊಸ ಲಸಿಕೆ ಬಂದರೂ ಅದನ್ನು ಮೊದಲು ಯಾವ ಊರಿಗೆ ಕೊಡಬೇಕು ಎಂದು ತಿಳಿಯಲು ಈ ಫೋನ್ ಬೇಕು." ಕಾಡಿನ ಬದಲಾವಣೆಗೆ ಲೇಖನದಲ್ಲಿ ಜಾಗ ಕೊಡಲಿಲ್ಲ; ಅದು ದೊಡ್ಡ ವಿಷಯ, ನಮ್ಮ ಪ್ರಶ್ನೆ ಸುದ್ದಿ ಹೋಗುವ ದಾರಿಯದ್ದು ಎಂದು ಪತ್ರದಲ್ಲಿ ನಾಲ್ಕು ಸಾಲು ಬರೆದರು. ಎಣಿಸಿದಾಗ 980 ಆಗಿತ್ತು. ಅದೇ ಸಂಜೆ ಕಳಿಸಿಬಿಟ್ಟರು.